ಸಹಾಯ ಬೇಕು: ಆಫ್‌ಸೆಟ್ ಮೆಷಿನ್ ಕ್ಲೇಮ್‌ನಲ್ಲಿ ಎರಡೆರಡು ಸಲ ಕಡಿತ ಸರಿಯಾ?

ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಹೋದ ವಾರ ವೋಲ್ಟೇಜ್ ಏರುಪೇರಾಗಿ ಆಫ್‌ಸೆಟ್ ಮೆಷಿನ್‌ನ ಮೇನ್ ಮೋಟರ್ ಡ್ರೈವ್ ಸುಟ್ಟುಹೋಯಿತು. ಪ್ಯಾನೆಲ್ ತೆಗೆದರೆ ಕಾರ್ಡ್ ಕಪ್ಪಾಗಿತ್ತು, ಒಂದು ಕೆಪಾಸಿಟರ್ ಉಬ್ಬಿ ಒಡೆದಿತ್ತು.

ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ ಇದೆ. ಆದರೆ ಮೆಷಿನ್ ಸೆಕೆಂಡ್ ಹ್ಯಾಂಡ್, ಕೊಂಡ ಬೆಲೆಗೇ ಇನ್ಶೂರ್ ಮಾಡಿಸಿದ್ದೆ, ಅಂದರೆ ಹೊಸ ಮೆಷಿನ್ ಬೆಲೆಯ ಸುಮಾರು 40% ಅಷ್ಟೇ. ವಿಮಾ ಮೊತ್ತ ಹೊಸದರ ಬೆಲೆಯಷ್ಟು ಇರಬೇಕಿತ್ತು ಅಂತ ಸರ್ವೇಯರ್ ಹೇಳಿದ ಮೇಲೇ ಗೊತ್ತಾಗಿದ್ದು. ಹಾಗಾಗಿ ರಿಪೇರಿ ಬಿಲ್‌ನಲ್ಲಿ 40% ಮಾತ್ರ ಲೆಕ್ಕಕ್ಕೆ ಬರುತ್ತದಂತೆ. ತಪ್ಪು ನನ್ನದೇ, ಒಪ್ಪಿಕೊಂಡೆ.

ಗೊಂದಲ ಇಲ್ಲಿದೆ. ಆ 40% ಮೇಲೆ ಮೆಷಿನ್ ಹಳೆಯದು ಅಂತ ಇನ್ನೊಮ್ಮೆ ಸವಕಳಿ ಕಳೆದಿದ್ದಾರೆ, ಆಮೇಲೆ ಎಕ್ಸೆಸ್ ಬೇರೆ. ಆದರೆ ನನ್ನ ಪಾಲಿಸಿಯಲ್ಲಿ, ರಿಪೇರಿ ಆಗುವಂಥ ಹಾನಿಗೆ ಬದಲಿಸಿದ ಭಾಗಗಳ ಮೇಲೆ ಸವಕಳಿ ಹಿಡಿಯುವುದಿಲ್ಲ, ಬೇಗ ಸವೆಯುವ ಭಾಗಗಳಿಗೆ ಮಾತ್ರ ಹಿಡಿಯುತ್ತಾರೆ ಅಂತ ಬರೆದಿದೆ. ಡ್ರೈವ್ ಅಂದರೆ ಬೆಲ್ಟ್, ರೋಲರ್ ಥರ ಸವೆಯುವ ವಸ್ತು ಅಲ್ಲ ಅಲ್ವಾ? ಏಜೆಂಟ್‌ಗೆ ಕೇಳಿದರೆ ಸುಮ್ನೆ ಸೈನ್ ಮಾಡಿ ಅಂತಾರೆ. ಎಲೆಕ್ಟ್ರಿಷಿಯನ್ ವರದಿ ಕೊಟ್ಟಾಗಿದೆ, ಸುಟ್ಟ ಕಾರ್ಡೂ ಎಸೆದಿಲ್ಲ.

ಇಂಥ ಕ್ಲೇಮ್ ಮಾಡಿದವರು ಯಾರಾದರೂ ಇದ್ದರೆ ಹೇಳಿ: ಡ್ರೈವ್ ಮೇಲೆ ಸವಕಳಿ ಹಿಡಿದಿದ್ದು ಸರಿಯಾ? ಸರಿಯಲ್ಲ ಅಂದರೆ, ಸೈನ್ ಮಾಡುವ ಮೊದಲು ಸರ್ವೇಯರ್‌ಗೆ ಏನಂತ ಬರೆದು ಕೇಳಲಿ?