ಮೊದಲ ಸಂಬಳದಲ್ಲಿ 2,600 ರೂಪಾಯಿ ಕಡಿಮೆ ಬಂದಿದೆ: ಸ್ಯಾಲರಿ ಸ್ಲಿಪ್ ಹೇಗೆ ಓದಬೇಕು?

ಹೊಸ ಉದ್ಯೋಗಿ:
ಇದು ನನ್ನ ಮೊದಲ ಕೆಲಸ. ಕೆಲಸದ ಸ್ಥಳ ಕರ್ನಾಟಕ. 30 ದಿನಗಳ ತಿಂಗಳಿನ 11ನೇ ತಾರೀಖಿಗೆ ಸೇರಿದ್ದರಿಂದ 20 ದಿನಗಳ ಸಂಬಳ ಬಂದಿದೆ. ನೇಮಕಾತಿ ಪತ್ರದಲ್ಲಿ ತಿಂಗಳ ಸಿಟಿಸಿ 31,800 ರೂಪಾಯಿ ಎಂದಿರುವುದರಿಂದ 21,200 ಬರಬೇಕಿತ್ತು, ಆದರೆ ಖಾತೆಗೆ ಜಮೆಯಾದದ್ದು 18,600. ಸ್ಲಿಪ್ಪಿನಲ್ಲಿ ಬೇಸಿಕ್ 10,000, ಮನೆ ಬಾಡಿಗೆ ಭತ್ಯೆ 4,000, ವಿಶೇಷ ಭತ್ಯೆ 6,000 ಎಂದಿದೆ. ಕಡಿತಗಳ ಕಡೆ ಪಿಎಫ್ 1,200 ಮತ್ತು ವೃತ್ತಿ ತೆರಿಗೆ 200. ಕಡಿತ ಒಟ್ಟು 1,400 ಮಾತ್ರ ಆಗಿರುವಾಗ ಉಳಿದ 1,200 ಎಲ್ಲಿ ಹೋಯಿತು?

ತೆರಿಗೆಯಿಂದ ಬೇಸತ್ತವನು:
ಸಂಬಳದಲ್ಲೇ ಮೊದಲೇ ಹಿಡಿಯುವ ಆದಾಯ ತೆರಿಗೆ, ಅಂದರೆ ಟಿಡಿಎಸ್ ಇರಬೇಕು. ನಾನು ಹೂಡಿಕೆಯ ದಾಖಲೆಗಳನ್ನು ತಡವಾಗಿ ಕೊಟ್ಟಿದ್ದಕ್ಕೆ ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಧ ಸಂಬಳವೇ ಹೋಗಿತ್ತು.

ಹೊಸ ಉದ್ಯೋಗಿ:
ನನ್ನ ಸ್ಲಿಪ್ಪಿನಲ್ಲಿ ಟಿಡಿಎಸ್ ಸಾಲಿನ ಮುಂದೆ ಸೊನ್ನೆ ಇದೆ.

ಎರಡನೇ ವರ್ಷದವಳು:
ಆ 1,200 ಕಂಪನಿಯ ಪಾಲಿನ ಪಿಎಫ್. ಅದು ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ವೆಚ್ಚದೊಳಗೇ ಸೇರಿರುತ್ತದೆ, ಕೈಗೆ ಬರುವುದಿಲ್ಲ. ಆದರೆ ನಿಮ್ಮ ಒಟ್ಟು ಗಳಿಕೆ 21,000ಕ್ಕಿಂತ ಕಡಿಮೆ ಇರುವುದರಿಂದ ನೌಕರರ ವಿಮೆಯಾದ ಇಎಸ್ಐ ಕೂಡ ಕಡಿತವಾಗಬೇಕಿತ್ತಲ್ಲವೇ?

ಪೇರೋಲ್ ಮೇಜಿನಿಂದ:
ಪಿಎಫ್ ವಿಚಾರ ಸರಿ, ಇಎಸ್ಐ ವಿಚಾರ ತಪ್ಪು. ಆ ಮಿತಿಯನ್ನು ಇಡೀ ತಿಂಗಳಿಗೆ ನಿಗದಿಯಾದ ಸಂಬಳಕ್ಕೆ ನೋಡುತ್ತಾರೆಯೇ ಹೊರತು, ನಡುವೆ ಸೇರಿದ ಕಾರಣಕ್ಕೆ ಕಡಿಮೆಯಾದ ಗಳಿಕೆಗಲ್ಲ. ಇವರ ನಿಗದಿತ ಗ್ರಾಸ್, ಅಂದರೆ ಸಿಟಿಸಿಯಿಂದ ಕಂಪನಿಯ ಪಾಲಿನ ಪಿಎಫ್ 1,800 ಕಳೆದ ಸಂಬಳ, 30,000.

ಹೊಸ ಉದ್ಯೋಗಿಯವರೇ, ಸಿಟಿಸಿಯನ್ನು ಬದಿಗಿಟ್ಟು ಗ್ರಾಸ್‌ನಿಂದ ಲೆಕ್ಕ ಆರಂಭಿಸಿ. 30,000ದ ಮೂರನೇ ಎರಡು ಪಾಲು 20,000. ನಿಮ್ಮ ಮೂರು ಗಳಿಕೆಗಳ ಮೊತ್ತವೂ ಅಷ್ಟೇ. ಪಿಎಫ್ ಅನ್ನು ನಿಮ್ಮ ಕಂಪನಿ ಬೇಸಿಕ್ ಮೇಲೆ ಶೇ. 12ರಂತೆ ಹಿಡಿದಿದೆ, ಹಾಗಾಗಿ 10,000ಕ್ಕೆ 1,200. ಕಂಪನಿಯೂ ಅಷ್ಟೇ ಕಟ್ಟಬೇಕು, ಆದರೆ ಪಾಸ್‌ಬುಕ್ಕಿನಲ್ಲಿ ಕಂಪನಿಯ ಪಾಲಾಗಿ 367 ಮಾತ್ರ ಕಂಡರೆ ಗಾಬರಿಯಾಗಬೇಡಿ. ಉಳಿದ 833 ಪಿಂಚಣಿಯ ಕಾಲಂನಲ್ಲಿರುತ್ತದೆ. ಹಣ ಕಟ್ಟಲು ಕಂಪನಿಗೆ ಮುಂದಿನ ತಿಂಗಳ 15ರವರೆಗೆ ಅವಕಾಶವಿದೆ, ಆದ್ದರಿಂದ ಅದಕ್ಕೂ ಮೊದಲು ಪಾಸ್‌ಬುಕ್ ಖಾಲಿ ಇರುವುದು ಸಹಜ.

ನನಗೆ ಅನುಮಾನವಿರುವುದು ಆ 200ರ ಮೇಲೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳ ಸಂಬಳ 25,000 ಮುಟ್ಟದಿದ್ದರೆ ವೃತ್ತಿ ತೆರಿಗೆ ಇಲ್ಲ. ಬಹುಶಃ ಸಾಫ್ಟ್‌ವೇರ್ ನಿಮ್ಮ ಗಳಿಕೆಯ ಬದಲು ನಿಗದಿತ ಸಂಬಳವನ್ನು ನೋಡಿದೆ. ಸ್ಲಿಪ್ ಲಗತ್ತಿಸಿ, ಯಾವ ಮೊತ್ತದ ಮೇಲೆ ಕಡಿತ ಮಾಡಿದ್ದೀರಿ ಎಂದು ಲಿಖಿತವಾಗಿ ಕೇಳಿ.

ಎರಡನೇ ವರ್ಷದವಳು:
ಹಾಗಿದ್ದರೆ ಪೂರ್ತಿ ತಿಂಗಳಿಗೆ 28,000 ಕೈಗೆ ಬರಬೇಕು: ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ.

ಪೇರೋಲ್ ಮೇಜಿನಿಂದ:
ಹೌದು, ಟಿಡಿಎಸ್ ಅಥವಾ ವೇತನರಹಿತ ರಜೆ ಇಲ್ಲದಿದ್ದರೆ. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300.

ಹೊಸ ಉದ್ಯೋಗಿ:
ಕೇಳಿದೆ. ‘ನಮ್ಮ ಪದ್ಧತಿಯೇ ಹೀಗೆ’ ಎಂಬ ಉತ್ತರ ಬಂದಿದೆ. ಯಾವ ಮೊತ್ತದ ಮೇಲೆ ಎಂಬುದನ್ನು ಹೇಳಿಲ್ಲ. ಮತ್ತೊಮ್ಮೆ ಬರೆದಿದ್ದೇನೆ.