ಅಪ್‌ಡೇಟ್: ಸೀಟು ಬೇಡ ಅಂತ ಪತ್ರ ಕಳಿಸಿದೆ

ನನ್ನ ಪ್ರಶ್ನೆ ಇದಾಗಿತ್ತು: "ಬೆಂಗಳೂರಿನಲ್ಲಿ ಎಂ.ಎಸ್ಸಿ ಸೀಟು ಸಿಕ್ಕಿ ಫೀಸು ಕಟ್ಟಿದ್ದೇನೆ. ಈಗ ಬೇರೆ ಕಡೆ ಸ್ಕಾಲರ್‌ಶಿಪ್ ಬಂದಿದೆ. ಸೀಟು ಬೇಡ ಅಂತ ಹೇಗೆ ಬರೆಯಲಿ?"

ಮೊದಲು ಬರೆದದ್ದು ಒಂದೂವರೆ ಪುಟ. ಅಡಿಕೆಗೆ ಕೊಳೆ ಬಂದದ್ದು, ಸೊಸೈಟಿ ಸಾಲ, ಎಲ್ಲ ಇತ್ತು. ಅಪ್ಪಯ್ಯ ಓದಿ, "ಇದು ಪತ್ರವೋ ಪುರಾಣವೋ?" ಅಂದರು. ಹರಿದು ಹಾಕಿದೆ. ಕೊನೆಗೆ ಹೋದದ್ದು ಇಷ್ಟು:

"ಮಾನ್ಯರೇ, ಅರ್ಜಿ ಸಂಖ್ಯೆ ಇಂಥದ್ದರಲ್ಲಿ ನನಗೆ ಎಂ.ಎಸ್ಸಿ ರಸಾಯನಶಾಸ್ತ್ರಕ್ಕೆ ಪ್ರವೇಶ ಕೊಟ್ಟಿದ್ದಕ್ಕೆ ಧನ್ಯವಾದಗಳು. ಬೇರೆ ಸಂಸ್ಥೆಯಲ್ಲಿ ವಿದ್ಯಾರ್ಥಿವೇತನ ಒಪ್ಪಿಕೊಂಡಿರುವುದರಿಂದ ಈ ಸೀಟನ್ನು ಬಿಟ್ಟುಕೊಡುತ್ತಿದ್ದೇನೆ. ಕಟ್ಟಿದ ಶುಲ್ಕ, ಮೂಲ ಅಂಕಪಟ್ಟಿ ಮತ್ತು ಟಿ.ಸಿ. ಹಿಂದಿರುಗಿಸಬೇಕಾಗಿ ಕೋರುತ್ತೇನೆ."

ರಸೀದಿಯ ನಕಲು, ಬ್ಯಾಂಕ್ ಖಾತೆ ವಿವರ ಜೊತೆಗಿಟ್ಟೆ. ಇಮೇಲ್ ಮಾಡಿ, ಶಿರಸಿ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಕೂಡ ಹಾಕಿದೆ. ದಿನಾಂಕಕ್ಕೆ ಸಾಕ್ಷಿ ಬೇಕಲ್ವಾ?

ದಿನಾಂಕದ್ದೇ ದೊಡ್ಡ ತಲೆಬಿಸಿ. ಯುಜಿಸಿಯ 2018ರ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ತಿಳಿಸಿದರೆ ಪೂರ್ತಿ ಫೀಸು ವಾಪಸ್. ಕಚೇರಿ ಖರ್ಚಿಗೆ ಅಂತ ಶೇ. 5ರವರೆಗೆ, ಹೆಚ್ಚೆಂದರೆ 5,000 ರೂ. ಹಿಡಿಯಬಹುದು. ಆಮೇಲೆ ತಿಳಿಸಿದರೆ ಶೇ. 90, ಕೊನೆಯ ದಿನ ದಾಟಿದರೆ ಇನ್ನೂ ಕಡಿಮೆ. ಆದರೆ ಸ್ಕಾಲರ್‌ಶಿಪ್ ಮಂಜೂರಾತಿ ಪತ್ರ ಕೈಗೆ ಬರದೆ ಇರುವ ಸೀಟು ಬಿಡಲು ಧೈರ್ಯ ಬರಲಿಲ್ಲ. ಅದು ಬಂದಾಗ 17 ದಿನ ಉಳಿದಿತ್ತು. ಅವತ್ತೇ ಕಳಿಸಿದೆ.

ಕಚೇರಿಯವರು ಫೋನಿನಲ್ಲಿ "ಫೀಸು ವಾಪಸ್ ಇಲ್ಲ" ಅಂದಿದ್ದರು. ನಿಯಮದ ಪ್ರತಿ ಕಳಿಸಿದ ಮೇಲೆ ಸುಮ್ಮನಾದರು. ನಿನ್ನೆ 5,000 ಕಳೆದು ಉಳಿದದ್ದು ಖಾತೆಗೆ ಬಂತು. ಟಿ.ಸಿ. ಮಾತ್ರ ಇನ್ನೂ ದಾರಿಯಲ್ಲಿದೆ.