‘ಇನ್’ ಕಂಡರೆಲ್ಲ ಏಳನೆಯ ರೂಪವೇ? ಅರಬ್ಬಿ ಕ್ರಿಯಾಪದದ ಒಂದು ಗೊಂದಲ

ಪ್ರಶ್ನೆ: ದುಬೈಯಲ್ಲಿ ಅರಬ್ಬಿ ಕಲಿಯುತ್ತಿದ್ದೇನೆ. ಒಂದೇ ಧಾತುವಿನಿಂದ ಬೇರೆಬೇರೆ ಕ್ರಿಯಾಪದ ಕಟ್ಟುವ ಹತ್ತು ರೂಪಗಳ ಪಟ್ಟಿ ಬಾಯಿಪಾಠ ಆಗಿದೆ. ಮೊದಲಿಗೆ ‘ಇನ್’ ಬಂದರೆ ಏಳನೆಯದು, ಕೆಲಸ ತಾನಾಗಿ ಆಯಿತು ಅಂತ ಅರ್ಥ. ‘ಕಸರ’ ಮುರಿದ, ‘ಇನ್‌ಕಸರ’ ಮುರಿದುಹೋಯಿತು. ಹಾಗಿದ್ದರೆ ‘ನಜರ’ ನೋಡಿದ, ‘ಇಂತಜರ’ ಮಾತ್ರ ‘ಕಾದ’ ಆಗೋದು ಹೇಗೆ?

ಸಂಸ್ಕೃತ ಕಲಿಸುವ ಸದಸ್ಯರು: ಸಂಸ್ಕೃತ ಧಾತುಗಳನ್ನು ವಿಂಗಡಿಸುವ ಹತ್ತು ಗಣಗಳಂಥ ವಿಷಯವೇ? ಗಣ ಬದಲಾದರೆ ಅರ್ಥ ಬದಲಾಗುತ್ತದೆ ಅಂತಿಲ್ಲ, ಧಾತುವಿಗೂ ಕೊನೆಯ ಪ್ರತ್ಯಯಕ್ಕೂ ನಡುವೆ ಬರುವ ವಿಕರಣ ಪ್ರತ್ಯಯವಷ್ಟೇ ಬೇರೆ.

ಅರಬ್ಬಿ ಅನುವಾದಕರು: ಗಣ ಅಲ್ಲ ಮೇಡಂ. ಸಂಸ್ಕೃತದಲ್ಲಿ ಧಾತು ಸಾಮಾನ್ಯವಾಗಿ ಒಂದು ಗಣಕ್ಕೆ ಸೇರಿರುತ್ತದೆ. ಅರಬ್ಬಿಯ ರೂಪಗಳು ಅಚ್ಚುಗಳಿದ್ದಂತೆ, ಒಂದೇ ಧಾತು ಅಚ್ಚಿನಿಂದ ಅಚ್ಚಿಗೆ ಹೋಗುತ್ತದೆ.

ಕೇಳಿದವರಿಗೆ: ‘ಇಂತಜರ’ ಏಳನೆಯದಲ್ಲ, ಎಂಟನೆಯದು. ಅಲ್ಲಿರುವ ‘ನ್’ ಧಾತುವಿನದೇ. ಧಾತು ನ‑ಜ‑ರ, ನಮ್ಮ ‘ನಜರು’ ಬಂದದ್ದು ಅಲ್ಲಿಂದಲೇ. ಎಂಟನೆಯ ಅಚ್ಚು ಧಾತುವಿನ ಮೊದಲ ಅಕ್ಷರ ಆದ ಕೂಡಲೇ ಒಂದು ‘ತ’ ಸೇರಿಸುತ್ತದೆ. ಹಿಂದಿ ಹಾಡುಗಳಲ್ಲಿ ಕೇಳುವ ‘ಇಂತಜಾರ್’ ಇದರ ನಾಮಪದ. ‘ಇನ್ಕಿಲಾಬ್’ ಆದರೋ ನಿಜವಾದ ಏಳನೆಯದು: ‘ಕಲಬ’ ಮಗುಚಿದ, ‘ಇನ್‌ಕಲಬ’ ಮಗುಚಿಬಿತ್ತು. ‘ಇನ್’ ತೆಗೆದು ನೋಡಿ, ಕ‑ಲ‑ಬ ಪೂರ್ತಿ ಉಳಿಯುತ್ತದೆ. ‘ಇಂತಜರ’ದಲ್ಲಿ ಹಾಗೆ ತೆಗೆದರೆ ಧಾತುವೇ ಕೆಡುತ್ತದೆ. ಇನ್ನೊಂದು ಗುರುತು: ನ, ರ, ಲ, ವ ಮೊದಲಾಗುಳ್ಳ ಧಾತುಗಳು ಏಳನೆಯ ಅಚ್ಚಿಗೆ ಸಾಮಾನ್ಯವಾಗಿ ಹೋಗುವುದಿಲ್ಲ, ಎಂಟನೆಯದಕ್ಕೆ ಹೋಗುತ್ತವೆ. ‘ನಕಲ’ ಸಾಗಿಸಿದ, ‘ಇಂತಕಲ’ ಜಾಗ ಬದಲಿಸಿದ. ಎಂಟನೆಯದರ ಅರ್ಥ ಹೆಚ್ಚಾಗಿ ಕರ್ತೃವಿನ ಕಡೆಗೇ ತಿರುಗುತ್ತದೆ, ಆದರೂ ಪಟ್ಟಿ ನಂಬಿ ಊಹಿಸಬೇಡಿ. ನೋಡುವುದು ಕಾಯುವುದಾದದ್ದನ್ನು ನಿಘಂಟಿನಲ್ಲೇ ಕಲಿಯಬೇಕು.

ಮಂಗಳೂರಿನ ಸದಸ್ಯರು: ನಾನು ಎರಡನೆಯ ರೂಪವನ್ನು ಕನ್ನಡದ ‘ಮಾಡಿಸು’ವಿನಲ್ಲಿರುವ ‘ಇಸು’ ಅಂತ ಇಟ್ಕೊಂಡಿದ್ದೇನೆ. ‘ಅಲಿಮ’ ತಿಳಿದ, ‘ಅಲ್ಲಮ’ ಕಲಿಸಿದ. ಯಾವ ಧಾತುವಿಗಾದರೂ ಹಾಕಬಹುದು.

ಅನುವಾದಕರು: ಈ ಧಾತುವಿಗೆ ಸರಿ. ನಮ್ಮ ‘ತಾಲೀಮು’ ಅದರದೇ ನಾಮಪದ. ‘ಅಲ್ಲಮ’ದ ಮೊದಲಿಗೆ ‘ತ’ ಸೇರಿದರೆ ಐದನೆಯದು, ‘ತಅಲ್ಲಮ’, ಕಲಿತ. ಆದರೆ ‘ಕಸ್ಸರ’ ಅಂದರೆ ಮುರಿಸಿದ ಅಲ್ಲ, ಚೂರುಚೂರು ಮಾಡಿದ. ನಡುವಿನ ಅಕ್ಷರದ ಒತ್ತು ಒಂದು ಕಡೆ ಮಾಡಿಸುವುದು, ಇನ್ನೊಂದು ಕಡೆ ಹೆಚ್ಚು ಜೋರಾಗಿ ಮಾಡುವುದು. ಹತ್ತೂ ಅಚ್ಚಿಗೆ ಹೋಗುವ ಧಾತು ಸಿಗುವುದೇ ಕಷ್ಟ. ಒಂಬತ್ತನೆಯದಂತೂ ಬಣ್ಣ ಮತ್ತು ಅಂಗದೋಷಗಳಿಗೇ ಮೀಸಲು, ‘ಇಹ್‌ಮರ್ರ’ ಕೆಂಪಾಯಿತು.

ಮಂಗಳೂರಿನ ಸದಸ್ಯರು: ಹಾಗಾದರೆ ‘ತಕಲ್ಲಮ’, ಮಾತಾಡಿದ, ಐದನೆಯದು. ಅದೇ ಧಾತುವಿನ ಮೊದಲನೆಯ ರೂಪ ಯಾವುದು?

ಅನುವಾದಕರು: ‘ಕಲಮ’, ಗಾಯಗೊಳಿಸಿದ. ಮಾತು ಮನಸ್ಸಿಗೆ ನಾಟುತ್ತದೆ ಅಂತ ಇವೆರಡನ್ನೂ ಬೆಸೆದವರಿದ್ದಾರೆ. ನನಗೆ ಆ ಬೆಸುಗೆ ಒಪ್ಪಿಗೆಯಾಗಿಲ್ಲ, ಬೇರೆಬೇರೆಯಾಗೇ ನೆನಪಿಟ್ಟಿದ್ದೇನೆ.

ಕೇಳಿದವರು: ಕಲಂ, ಬರೆಯುವ ಲೇಖನಿ, ಅದೂ ಇದೇನಾ?

ಅನುವಾದಕರು: ಅಲ್ಲ, ಅದು ಗಂಟಲ ಆಳದ ‘ಕ’. ಶಬ್ದ ಕೇಳಿ ಬೇರೆ ಮಾಡಿಕೊಳ್ಳಿ, ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ.